ಸುಮಿತ್ರಮ್ಮನ ಗಿರಣಿ ಮತ್ತು ನಲವತ್ತು ಉತ್ತರ

ಸೌಮ್ಯಶ್ರೀ ಮೇಡಂ ಹಂಚಿದ್ದ ಹಾಳೆಯಲ್ಲಿ ನಲವತ್ತು ಪ್ರಶ್ನೆ, ನಲವತ್ತು ಉತ್ತರ. ಪ್ರಾಜೆಕ್ಟ್ ಡೆಮೊ ದಿನ ಹೊರಗಿನಿಂದ ಬರುವ ಪರೀಕ್ಷಕರು ಇದರಾಚೆ ಏನೂ ಕೇಳುವುದಿಲ್ಲ ಎಂದು ಮೇಡಂ ಅಭಯ ಕೊಟ್ಟಿದ್ದರು. ಇಡೀ ಕ್ಲಾಸು ಅದನ್ನು ಸುಪ್ರಭಾತದ ಹಾಗೆ ಬಾಯಿಪಾಠ ಮಾಡಿಕೊಂಡು, ಮೇ ತಿಂಗಳ ಸೆಕೆಯಲ್ಲಿ ಕುತ್ತಿಗೆಗೆ ಟೈ ಬಿಗಿದುಕೊಂಡು, ಹೂಟಗಳ್ಳಿ ಆಚೆಯ ಆ ಕಾಲೇಜಿನ ಲ್ಯಾಬಿನ ಮುಂದೆ ಸಾಲಾಗಿ ನಿಂತಿತ್ತು. ಟೈ ಕಟ್ಟಿದರೆ ಒಳಗಿರುವ ವಿದ್ಯೆ ಸೋರಿಹೋಗುವುದಿಲ್ಲ ಎಂಬುದು ಆ ಕಾಲೇಜಿನ ನಂಬಿಕೆ.

ಯೋಗೇಂದ್ರನಿಗೆ ಆ ಹಾಳೆ ಕಂಡರೇ ಮೈ ಉರಿಯುತ್ತಿತ್ತು. ಹಾಗಂತ ಹರಿದು ಬಿಸಾಕುವ ಧೈರ್ಯವೂ ಇರಲಿಲ್ಲ. ಹೋದ ವರ್ಷ ಇದೇ ಲ್ಯಾಬಿನಲ್ಲಿ, ಇದೇ ಪರೀಕ್ಷಕ ಲಕ್ಷ್ಮೀನರಸಿಂಹ ಸರ್ ಮುಂದೆ, ಅವನು ಡುಮ್ಕಿ ಹೊಡೆದಿದ್ದ.

"ಟೆಸ್ಟಿಂಗ್ ಮಾಡಿದ್ದೀರಾ?" ಎಂದು ಅವರು ಕೇಳಿದ್ದರು.

"ಮಾಡಿದ್ದೀನಿ ಸರ್."

"ಎಲ್ಲಿ, ತೋರಿಸಿ."

"ಎಲ್ಲಾ ತಲೇಲಿದೆ ಸರ್."

ಲಕ್ಷ್ಮೀನರಸಿಂಹ ಸರ್ ಕನ್ನಡಕ ಏರಿಸಿಕೊಂಡು ಅವನ ತಲೆಯನ್ನು ಬಲಕ್ಕೊಮ್ಮೆ ಎಡಕ್ಕೊಮ್ಮೆ ನೋಡಿ, ಅಲ್ಲೇನೂ ಸಿಗಲಿಲ್ಲವೆಂಬಂತೆ ಪೆನ್ನಿನ ಮುಚ್ಚಳ ತೆಗೆದಿದ್ದರು. ಮುಗಿಯಿತು ಕಥೆ. ಜೊತೆಯವರೆಲ್ಲ ಪಾಸಾಗಿ ಹೋದರು. ಇವನು ಮಾತ್ರ ಜೂನಿಯರ್‌ಗಳಾದ ಧನುಶ್ರೀ ಮತ್ತು ಅಮರೇಶನ ಜೊತೆ ಸೇರಿ ಹೊಸದಾಗಿ ಪ್ರಾಜೆಕ್ಟ್ ಶುರು ಮಾಡಬೇಕಾಯಿತು. ಅವರು "ಯೋಗಣ್ಣ" ಎಂದು ಕರೆದಾಗಲೆಲ್ಲ ಅವನಿಗೆ ವಯಸ್ಸಾದಂತೆ ಅನ್ನಿಸುತ್ತಿತ್ತು. ಈ ಸಲವೂ ಫೇಲಾದರೆ ಮುಂದಿನ ವರ್ಷದ ಹುಡುಗರು ಅಂಕಲ್ ಅನ್ನುವುದು ಗ್ಯಾರಂಟಿ. ಅದಕ್ಕಿಂತ ಹೆಚ್ಚಾಗಿ, ಅವನ ಅಪ್ಪ ಜವರಪ್ಪ ಊಟಕ್ಕೆ ಕೂತಾಗ ಒಂದೇ ಮಾತು ಹೇಳಿದ್ದರು: "ಈ ಸಲ ಆಗ್ಲಿಲ್ಲ ಅಂದ್ರೆ ಓದು ಸಾಕು ಬುಡು ಕಣೋ." ಅಪ್ಪ ಕೂಗಾಡಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ಮಜ್ಜಿಗೆ ಕಲಸಿಕೊಳ್ಳುತ್ತಾ ಹೇಳಿದ್ದರು.

ಪ್ರಾಜೆಕ್ಟ್ ಏನೋ ಚೆನ್ನಾಗಿಯೇ ಇತ್ತು. ಕೃಷ್ಣಮೂರ್ತಿಪುರಂನಲ್ಲಿ ಸುಮಿತ್ರಮ್ಮ ಎಂಬವರ ಹಿಟ್ಟಿನ ಗಿರಣಿ ಇದೆ. ಜನ ಡಬ್ಬ, ಚೀಲ ತಂದು ಸಾಲಿನಲ್ಲಿಟ್ಟು ಮನೆಗೆ ಹೋಗುತ್ತಾರೆ, ಆಮೇಲೆ "ನಮ್ಮದಾಯ್ತಾ, ನಮ್ಮದಾಯ್ತಾ" ಎಂದು ಮೂರು ಸಲ ಬಂದು ಜಗಳ ಆಡುತ್ತಾರೆ. ಇವರು ಮಾಡಿದ ಆ್ಯಪು ಪ್ರತಿ ಡಬ್ಬಕ್ಕೂ ಒಂದು ಟೋಕನ್ ಕೊಟ್ಟು, ಸರದಿ ಲೆಕ್ಕ ಹಾಕಿ, ಹಿಟ್ಟಾದ ಕೂಡಲೇ ಮೊಬೈಲಿಗೆ ಮೆಸೇಜ್ ಕಳಿಸುತ್ತದೆ. ಅಷ್ಟೇ.

ಅಷ್ಟೇ ಎಂದುಕೊಂಡಿದ್ದು ಫೆಬ್ರವರಿಯಲ್ಲಿ. ಆಮೇಲೆ ಸುಮಿತ್ರಮ್ಮ ಬಾಯಿ ತೆರೆದರು.

ಮೊದಲು, ಯಾರು ಮೊದಲು ಬರುತ್ತಾರೋ ಅವರದೇ ಮೊದಲು ಅಂದರು. ಯೋಗೇಂದ್ರ ಹಾಗೇ ಪ್ರೋಗ್ರಾಂ ಬರೆದ. ಎರಡು ವಾರ ಕಳೆದ ಮೇಲೆ, ಮೆಣಸಿನಕಾಯಿ ಆದ ಕೂಡಲೇ ಅದೇ ಮಿಷನ್ನಿಗೆ ಗೋಧಿ ಹಾಕಿದರೆ ಚಪಾತಿ ತಿಂದವರು ನೀರಿಗೆ ಓಡುತ್ತಾರೆ, ಮೆಣಸಿನಕಾಯಿ ಎಲ್ಲ ಸಂಜೆಗೆ ತಳ್ಳು ಅಂದರು. ಬದಲಿಸಿದ. ಮಾರ್ಚಿನಲ್ಲಿ, ಎಳೆಮಕ್ಕಳಿಗೆ ಅಂತ ತರುವ ರಾಗಿ ಯಾವಾಗ ಬಂದರೂ ಸರಿ, ಮಾರನೇ ದಿನ ಬೆಳಿಗ್ಗೆ ಮಿಷನ್ ಒರೆಸಿದ ಮೇಲೆ ಮೊಟ್ಟಮೊದಲು ಆಗಬೇಕು ಅಂದರು. ಹಲ್ಲು ಕಡಿದುಕೊಂಡು ಬದಲಿಸಿದ. ಡೆಮೊಗೆ ಮೂರು ದಿನ ಇದೆ ಅನ್ನುವಾಗ, ಭಾನುವಾರ, ಫೋನ್ ಬಂತು: "ಯೋಗ, ದಿನಾ ಸಂಜೆ ಆ ಘಾಟು ಕುಡಿಯಕ್ಕಾಗಲ್ಲ ಕಣಪ್ಪ. ಇನ್ಮೇಲೆ ಮೆಣಸಿನಕಾಯಿ ಬುಧವಾರ, ಶನಿವಾರ ಮಾತ್ರ. ಬೇರೆ ದಿನ ತಂದ್ರೆ ನಿನ್ ಆ್ಯಪೇ ಬ್ಯಾಡ ಅಂತ ಹೇಳ್ಬುಡ್ಲಿ. ನಾನು ಹೇಳಿದ್ರೆ ಜನ ಬೈತಾರೆ."

ಕೋಡಿನಲ್ಲಿ ಏನೇ ಬದಲಿಸಿದರೂ ಗಿಟ್ ಎಂಬ ದಾಖಲೆಯಲ್ಲಿ ಅದನ್ನು ಕಮಿಟ್ ಮಾಡಬೇಕು: ಯಾರು, ಯಾವತ್ತು, ಏನು ಬದಲಿಸಿದರು, ಯಾಕೆ ಎಂದು ಒಂದು ಸಾಲು ಬರೆಯಬೇಕು. ಬೇರೆ ಹುಡುಗರು ಅಲ್ಲಿ "ಅಪ್‌ಡೇಟ್" ಅಂತಲೋ "ಫೈನಲ್ ಫೈನಲ್" ಅಂತಲೋ ಬರೆದು ಕೈತೊಳೆದುಕೊಳ್ಳುತ್ತಾರೆ. ಯೋಗೇಂದ್ರನಿಗೆ ಎದುರಿಗೆ ಬೈಯಲು ಆಗದ್ದನ್ನೆಲ್ಲ ಅಲ್ಲಿ ಬೈಯುವ ಚಟ ಅಂಟಿಕೊಂಡಿತು. ನಾಲ್ಕು ತಿಂಗಳ ಸಿಟ್ಟು, ತಾರೀಖಿನ ಸಮೇತ, ಅಚ್ಚಗನ್ನಡದಲ್ಲಿ ಅಲ್ಲಿ ಭದ್ರವಾಗಿ ಕೂತಿತ್ತು.

ಸೋಮವಾರ ಸಂಜೆ, ಕೋಡನ್ನು ಇನ್ನು ಮುಟ್ಟಬಾರದು ಎಂದು ತೀರ್ಮಾನ ಮಾಡಿ, ಡೆಮೊ ಆವೃತ್ತಿಗೆ 'ಒಂದು' ಎಂದು ಗುರುತು ಹಾಕಿದ ಮೇಲೆ ಅವನಿಗೆ ಜ್ಞಾನೋದಯವಾಯಿತು.

"ಧನು, ಆ ಹಳೇ ಕಮಿಟ್‌ಗಳನ್ನೆಲ್ಲ ಸೇರಿಸಿ ಒಂದೇ ಮಾಡ್ಬುಡೋಣ್ವಾ?" ಎಂದು ಕ್ಯಾಂಟೀನಿನಲ್ಲಿ ಪಿಸುಗುಟ್ಟಿದ.

ಧನುಶ್ರೀ ಟೀ ಲೋಟ ಕೆಳಗಿಟ್ಟಳು. "ಹಳೇದು ಒಂದನ್ನ ತಿದ್ದಿದ್ರೆ ಅಲ್ಲಿಂದ ಮುಂದಿನ ಎಲ್ಲಾ ಕಮಿಟ್‌ಗೂ ಗುರುತಿನ ನಂಬರ್ ಬದಲಾಗುತ್ತೆ ಯೋಗಣ್ಣ. ನಿಮ್ಮ ಲ್ಯಾಪ್‌ಟಾಪಲ್ಲಿ ಒಂದು ಇತಿಹಾಸ, ನಂದರಲ್ಲಿ ಒಂದು, ಅಮರೇಶಂದು ಇನ್ನೊಂದು. ಡೆಮೊಗೆ ಎರಡು ದಿನ ಇಟ್ಕೊಂಡು ಈ ಕೆಲಸ ಬೇಕಾ? ಹಂಚ್ಕೊಂಡಿರೋ ಇತಿಹಾಸ ತಿದ್ದಲ್ಲ ಅಂತ ಮೊದಲ್ನೇ ದಿನವೇ ಮಾತಾಗಿತ್ತಲ್ಲ."

"ಯಾರಾದ್ರೂ ಓದಿದ್ರೆ?"

"ಬೈದಿದ್ದು ನೀವು. ಅನುಭವಿಸಿ."

ಮುಖ್ಯ ಶಾಖೆಗೆ, ಅಂದರೆ ಮೂವರಿಗೂ ಸೇರಿದ ಮೂಲ ಪ್ರತಿಗೆ, ಏನೇ ಸೇರಬೇಕಾದರೂ ತಂಡದ ಇನ್ನೊಬ್ಬರ ಒಪ್ಪಿಗೆ ಬೇಕು, ಕೋಡು ಸರಿ ಇದೆಯಾ ಎಂದು ತಾವಾಗಿಯೇ ನೋಡುವ ಟೆಸ್ಟುಗಳೆಲ್ಲ ಪಾಸಾಗಬೇಕು ಎಂದು ಬೀಗ ಹಾಕಿದ್ದವಳೂ ಅವಳೇ. ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡ ಅತ್ತೆಯ ಹಾಗೆ ಓಡಾಡುತ್ತಿದ್ದಳು.

ಬುಧವಾರ ಬಂತು. ಮೇಡಂ ಈ ವರ್ಷ ಹೊಸ ನಿಯಮ ಮಾಡಿದ್ದರು: ಯಾರಿಗಾಗಿ ಪ್ರಾಜೆಕ್ಟ್ ಮಾಡಿದ್ದೀರೋ ಆ ಗ್ರಾಹಕರೇ ಬಂದು, ನೋಡಿ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಸಹಿ ಇಲ್ಲದಿದ್ದರೆ ಮಾರ್ಕ್ಸ್ ಇಲ್ಲ.

ಸುಮಿತ್ರಮ್ಮ ಆಟೋದಲ್ಲಿ ಬಂದಿಳಿದರು. ಗಿರಣಿಯಿಂದ ನೇರ ಬಂದಿದ್ದರು. ಹುಬ್ಬಿನ ಮೇಲೆ ಹಿಟ್ಟು, ಸೆರಗಿನ ತುಂಬ ಕೆಂಪನೆ ಪುಡಿ. "ಸಾಲು ಅಂಗೇ ಬುಟ್ಟು ಬಂದಿವ್ನಿ. ಬೇಗ ಮುಗಿಸ್ರಪ್ಪ" ಎಂದು ಒಳಗೆ ಬಂದು ಮುಂದಿನ ಕುರ್ಚಿಯಲ್ಲಿ ಕೂತು ಸೆರಗು ಕೊಡವಿದರು.

ಲ್ಯಾಬಿಗೆ ಏಸಿ. ಕಿಟಕಿ, ಬಾಗಿಲು ಎಲ್ಲ ಭದ್ರ.

ಮೊದಲು ಸೀನಿದವರು ಮೇಡಂ. ಆಮೇಲೆ ಅಮರೇಶ. ಲಕ್ಷ್ಮೀನರಸಿಂಹ ಸರ್ ಅಷ್ಟರಲ್ಲಿ ಹನ್ನೊಂದು ತಂಡಗಳನ್ನು ಮುಗಿಸಿ, ಹನ್ನೊಂದು ಸಲ ಅವೇ ಉತ್ತರ ಕೇಳಿ, ಹಸಿದು ಕೂತಿದ್ದರು. ಅವರು ತಮ್ಮ ಸೀನನ್ನು ಕರ್ಚೀಫಿನಲ್ಲಿ ಹಿಡಿದು ಕೇಳಿದರು: "ಬದಲಾಗುವ ಅಗತ್ಯಗಳನ್ನ ಹೇಗೆ ನಿಭಾಯಿಸಿದ್ರಿ?"

ಅಮರೇಶ ಎದೆ ಉಬ್ಬಿಸಿದ. ಹಾಳೆಯ ಹದಿನೇಳನೇ ಪ್ರಶ್ನೆ. "ವಿ ಫಾಲೋಡ್ ಅಜೈಲ್ ಮೆಥಡಾಲಜಿ ಸರ್."

"ಈ ಉತ್ತರ ಹನ್ನೆರಡನೇ ಸಲ ಕೇಳ್ತಿದ್ದೀನಿ. ಅಂದ್ರೆ ಏನು ಮಾಡಿದ್ರಿ?"

ಅಮರೇಶನಿಗೆ ಹದಿನೇಳಾದ ಮೇಲೆ ಹದಿನೆಂಟು ಮಾತ್ರ ಗೊತ್ತು. "ವಿ ಯೂಸ್ಡ್ ಗಿಟ್ ಫಾರ್ ವರ್ಷನ್ ಕಂಟ್ರೋಲ್ ಸರ್" ಎಂದು ಕೇಳದ ಪ್ರಶ್ನೆಗೆ ಉತ್ತರ ಕೊಟ್ಟ.

"ಓಹೋ. ಹಾಗಾದ್ರೆ ಅದನ್ನೇ ತೋರಿಸಿ. ಕಮಿಟ್ ಪಟ್ಟಿ ತೆಗೀರಿ, ದೊಡ್ಡ ಪರದೆ ಮೇಲೆ."

ಯೋಗೇಂದ್ರನ ಬೆನ್ನಿನಲ್ಲಿ ಬೆವರು ಇಳಿಯಿತು, ಏಸಿಯಲ್ಲೂ. ಅಮರೇಶನ ಟೈ ಹಿಡಿದು ಫ್ಯಾನಿಗೆ ನೇತುಹಾಕಬೇಕು ಅನ್ನಿಸಿತು, ಫ್ಯಾನ್ ಇರಲಿಲ್ಲ. ಅವನು ಪಟ್ಟಿ ತೆಗೆದ. ಅಕ್ಷರಗಳನ್ನು ಆದಷ್ಟು ಸಣ್ಣದು ಮಾಡಿದ. ಧನುಶ್ರೀ ಹಿಂದಿನಿಂದ ಕೈಹಾಕಿ ದೊಡ್ಡದು ಮಾಡಿದಳು.

ಸುಮಿತ್ರಮ್ಮನಿಗೆ ದೂರದ ಕಣ್ಣು ಚುರುಕು. ಗಿರಣಿಯ ಕತ್ತಲಲ್ಲಿ ಡಬ್ಬದ ಮೇಲಿನ ಹೆಸರು ಓದಿ ಅಭ್ಯಾಸ. ಅವರು ಗಟ್ಟಿಯಾಗಿ ಓದತೊಡಗಿದರು, ಒಂದೊಂದೇ ಸಾಲು, ರಾಮಾಯಣ ಓದುವ ಹಾಗೆ.

"'ಮೆಣಸಿನಕಾಯಿ ಸಂಜೆಗೆ ತಳ್ಳಿದೆ. ಕಾರಣ: ಮುಂದಿನವರ ಗೋಧಿ ಖಾರ ಆಗುತ್ತಂತೆ. ಇದನ್ನು ಮೊದಲೇ ಹೇಳಲು ಸುಮಿತ್ರಮ್ಮನಿಗೆ ಏನು ರೋಗ.'"

ಅವರು ಮುಂದಿನ ಸಾಲಿಗೆ ಇಳಿದರು.

"'ಎಳೆಮಕ್ಕಳ ರಾಗಿ ಬೆಳಿಗ್ಗೆ ಮೊದಲು. ಕಾರಣ: ಮಿಷನ್ ಆಗ ಮಾತ್ರ ಚೊಕ್ಕಟ. ನ್ಯಾಯ ಇದೆ, ಆದರೂ ಈ ಅಮ್ಮ ನನ್ನ ಪ್ರಾಣ ತೆಗೆದು ಹಿಟ್ಟು ಮಾಡುತ್ತಾರೆ.'" ಅವರು ಉಸಿರು ಎಳೆದುಕೊಂಡರು. "'ಮೆಣಸಿನಕಾಯಿ ಬುಧ, ಶನಿ ಮಾತ್ರ. ಕಾರಣ: ಘಾಟು. ಇವರ ಬುದ್ಧಿಗೆ ಒಂದು ಜರಡಿ ಹಿಡಿಯಬೇಕು.'"

"ಅಮ್ಮ, ಅದು ಏನಾಯ್ತು ಅಂದ್ರೆ..." ಎಂದ ಯೋಗೇಂದ್ರ.

"ಜರಡಿನಾ ಯೋಗ? ನನ್ ಬುದ್ಧಿಗಾ? ಬಂದಾಗೆಲ್ಲ ಹುರಿಹಿಟ್ಟು ಕಟ್ಕೊಟ್ನಲ್ಲೋ ನಿಂಗೆ!"

ಸೌಮ್ಯಶ್ರೀ ಮೇಡಂ ಮುಖ ಮುಚ್ಚಿಕೊಂಡರು. ನಗುವೋ, ಅಳುವೋ, ಸೀನೋ ತಿಳಿಯಲಿಲ್ಲ. ಆದರೆ ಲಕ್ಷ್ಮೀನರಸಿಂಹ ಸರ್ ಕುರ್ಚಿಯಲ್ಲಿ ನೆಟ್ಟಗಾದರು. ಬೆಳಿಗ್ಗೆಯಿಂದ ಮೊದಲ ಸಲ ಅವರ ಕಣ್ಣಿಗೆ ಜೀವ ಬಂದಿತ್ತು.

"ಯಾವ ಬದಲಾವಣೆ, ಯಾರು ಕೇಳಿದ್ದು, ಯಾಕೆ, ಯಾವತ್ತು. ಎಲ್ಲಾ ಇದೆಯಲ್ರೀ. ಬೈಗುಳ ಬಿಟ್ರೆ ಇವತ್ತು ನಾನು ನೋಡಿದ ಸರಿಯಾದ ದಾಖಲೆ ಇದೊಂದೇ. ಇದನ್ನ ಅಳಿಸಬಹುದಿತ್ತಲ್ಲ, ಯಾಕೆ ಅಳಿಸಲಿಲ್ಲ?"

"ಅಳಿಸೋಣ ಅಂದೆ ಸರ್. ಇವಳು ಬಿಡ್ಲಿಲ್ಲ" ಎಂದ ಯೋಗೇಂದ್ರ ಸಿಟ್ಟಿನಲ್ಲೇ. "ಮೂವರ ಹತ್ರ ನಕಲಿದೆ, ಒಬ್ಬ ತಿದ್ದಿದ್ರೆ ಮೂವರದ್ದೂ ಬೇರೆಬೇರೆ ಆಗುತ್ತೆ. ಅವಳು ಹೇಳಿದ್ದು ಸರೀನೇ. ಅದಕ್ಕೇ ಇನ್ನೂ ಕೋಪ."

ಸರ್ ಏನೋ ಬರೆದುಕೊಂಡರು. ಎಷ್ಟು ಎಂದು ಕಾಣಲಿಲ್ಲ. ಒಪ್ಪಿಗೆ ಪತ್ರವನ್ನು ಸುಮಿತ್ರಮ್ಮನ ಮುಂದೆ ಸರಿಸಿದರು. "ಆ್ಯಪ್ ಕೆಲಸ ಮಾಡುತ್ತಾ ತಾಯಿ? ಸಹಿ ಹಾಕ್ತೀರಾ?"

"ಕೆಲ್ಸ ಮಾಡ್ತದೆ. ಸಹಿ ಹಾಕಲ್ಲ. ಮೊದ್ಲು ಆ ಜರಡಿ ಸಾಲು ತೆಗೀಲಿ."

"ತೆಗೆಯಕ್ಕಾಗಲ್ಲ ಅಮ್ಮ" ಎಂದ ಯೋಗೇಂದ್ರ. ಅಪ್ಪ ಮಜ್ಜಿಗೆ ಕಲಸುವುದು ಕಣ್ಣಿಗೆ ಕಟ್ಟಿತು. "ಹಳೇದು ಹಾಗೇ ಇರುತ್ತೆ. ಅದರ ಮೇಲೆ ಹೊಸದೊಂದು ಸಾಲು ಬೇಕಾದ್ರೆ ಸೇರಿಸ್ಬೋದು."

"ಸೇರ್ಸು ಮತ್ತೆ. ನಾನು ಹೇಳ್ತೀನಿ, ನೀನು ಬರಿ." ಅವರು ಸೆರಗು ಸರಿಪಡಿಸಿಕೊಂಡರು. ಇನ್ನಷ್ಟು ಪುಡಿ ಹಾರಿತು. ಪರೀಕ್ಷಕರು ಸೀನಿದರು. "'ಸುಮಿತ್ರಮ್ಮನ ಬುದ್ಧಿ ಸರಿಯಾಗಿದೆ. ನನ್ನ ನಾಲಿಗೆಗೇ ಜರಡಿ ಬೇಕು. ಇಂತಿ, ಯೋಗ.'"

"ಕೋಡಿನಲ್ಲಿ ಏನೂ ಬದಲಾಗದೆ ಬರೀ ಸಾಲು ಕಮಿಟ್ ಮಾಡಬಹುದೇನು?" ಎಂದರು ಸರ್, ಗೊತ್ತಿಲ್ಲದವರಂತೆ.

"ಖಾಲಿ ಕಮಿಟ್ ಆಗುತ್ತೆ ಸರ್, ಬೇಕು ಅಂತ ಹೇಳಿ ಮಾಡ್ಬೇಕು ಅಷ್ಟೇ. ನೀವು ಮಾರ್ಕ್ಸ್ ಕೊಡೋದು 'ಒಂದು' ಅಂತ ಗುರುತು ಹಾಕಿರೋ ಆವೃತ್ತಿಗೆ. ಇದನ್ನ ಸೇರಿಸಿದ್ರೂ ಆ ಗುರುತು ಕದಲಲ್ಲ."

ಅವನು ಟೈಪು ಮಾಡಿದ. ಹನ್ನೊಂದು ತಂಡದವರು ಬಾಗಿಲ ಗಾಜಿಗೆ ಮೂಗು ಒತ್ತಿಕೊಂಡು ನೋಡುತ್ತಿದ್ದರು. ಅವನು ತನ್ನ ಮಾನವನ್ನು ಒಂದು ಬೇರೆ ಶಾಖೆಯಲ್ಲಿಟ್ಟು ಒಪ್ಪಿಗೆಗೆ ಕಳಿಸಿ, ಧನುಶ್ರೀಯ ಕಡೆ ನೋಡಿದ. "ಒಪ್ಪಿಗೆ ಕೊಡು."

"ಓದಿ ಕೊಡ್ತೀನಿ ಯೋಗಣ್ಣ" ಎಂದು ಅವಳು ನಿಧಾನವಾಗಿ, ಎರಡು ಸಲ, ತುಟಿ ಅಲ್ಲಾಡಿಸುತ್ತಾ ಓದಿ ಒಪ್ಪಿಗೆ ಒತ್ತಿದಳು. ಟೆಸ್ಟುಗಳು ತಾವಾಗಿಯೇ ಓಡತೊಡಗಿದವು. ಮೂವತ್ತೊಂದು ಟೆಸ್ಟು. ಪರದೆಯ ಮೇಲೆ ಒಂದೊಂದಾಗಿ ಹಸಿರು ಟಿಕ್ಕು ಬಿತ್ತು.

ಮೂವತ್ತು ಹಸಿರು. ಒಂದು ಕೆಂಪು.

"ಒಂದು ಟೆಸ್ಟ್ ಫೇಲ್" ಎಂದರು ಸರ್.

"ಸಾಧ್ಯವಿಲ್ಲ ಸರ್" ಎಂದಳು ಧನುಶ್ರೀ. "ಭಾನುವಾರ ಪಾಸ್. ಸೋಮವಾರ ಪಾಸ್. ಇದೇ ಕೋಡು."

ಲಕ್ಷ್ಮೀನರಸಿಂಹ ಸರ್ ಪೆನ್ನಿನ ಮುಚ್ಚಳ ತೆಗೆದರು. ಯೋಗೇಂದ್ರನಿಗೆ ಆ ಸಣ್ಣ ಸದ್ದು ಹೋದ ವರ್ಷದಿಂದಲೂ ಕಿವಿಯಲ್ಲಿತ್ತು. "ಯೋಗೇಂದ್ರ, ನೀವು ಹೇಳಿ. ಕೋಡಿನ ಒಂದಕ್ಷರ ಬದಲಾಗಿಲ್ಲ. ಒಂದು ಸಾಲು ಕ್ಷಮಾಪಣೆ ಬಿಟ್ರೆ ಏನೂ ಸೇರಿಲ್ಲ. ಹಾಗಿದ್ರೆ ಮೊನ್ನೆ ಪಾಸಾಗಿದ್ದ ಟೆಸ್ಟು ಇವತ್ತು ಯಾಕೆ ಫೇಲಾಯ್ತು?"

ಅಮರೇಶ ಹಾಳೆ ತಿರುವಿದ. ನಲವತ್ತರಲ್ಲಿ ಇದು ಇರಲಿಲ್ಲ. ಹಿಂದೆ ತಿರುಗಿಸಿ ನೋಡಿದ. ಹಿಂದೆ ಖಾಲಿ. "ವಿ ಫಾಲೋಡ್..." ಎಂದು ಶುರು ಮಾಡಿದವನ ಕಾಲನ್ನು ಧನುಶ್ರೀ ತುಳಿದಳು.

ಯೋಗೇಂದ್ರ ಕೆಂಪು ಸಾಲನ್ನು ದಿಟ್ಟಿಸಿದ. ಟೆಸ್ಟಿನ ಹೆಸರು: ಮೆಣಸಿನಕಾಯಿ ತಂದರೆ ಬೇಡ ಅನ್ನಬೇಕು. ಬಂದ ಉತ್ತರ: ಟೋಕನ್ ಕೊಟ್ಟಿದೆ. ಬೇಡ ಅನ್ನಬೇಕಾದದ್ದು ಯಾಕೆ ಟೋಕನ್ ಕೊಟ್ಟಿತು? ತಲೆಯೊಳಗೆ ಗಿರಣಿ ತಿರುಗಿತು, ಹಿಟ್ಟು ಮಾತ್ರ ಬೀಳಲಿಲ್ಲ. ಮೂಗಿನೊಳಗೆ ಏನೋ ಕೆರೆಯಿತು. ಯೋಚಿಸಲು ಆ ಸೀನು ಬಿಡುತ್ತಿಲ್ಲ. ಅವನು ತಡೆದ, ತಡೆದ, ಕಣ್ಣಲ್ಲಿ ನೀರು ಬಂತು, ಕೊನೆಗೆ ಲ್ಯಾಬಿನ ಗಾಜು ಅದುರುವ ಹಾಗೆ ಸೀನಿದ.

"ಥೂ, ಎಲ್ಲಿಂದಮ್ಮ ಇಷ್ಟು ಘಾಟು ತಂದ್ರಿ!" ಎಂದು ರೇಗಿದ.

"ಎಲ್ಲಿಂದ ಅಂದ್ರೆ? ಮೆಣಸಿನಕಾಯಿ ಬೀಸ್ತಾ ಇದ್ದೆ, ಅರ್ಧಕ್ಕೆ ಬುಟ್ಟು ಬಂದೆ. ಹದಿನೆಂಟು ಡಬ್ಬ ಕಾಯ್ತಾ ಕೂತವೆ ಅಲ್ಲಿ."

ಯೋಗೇಂದ್ರನ ಬಾಯಿ ತೆರೆದೇ ಉಳಿಯಿತು. ಮತ್ತೆ ಸೀನು ಬರುತ್ತದೆ ಎಂದುಕೊಂಡು ಎಲ್ಲರೂ ಹಿಂದೆ ಸರಿದರು.

"ಬುಧವಾರ!" ಎಂದು ಕಿರುಚಿದ. "ಸರ್, ಇವತ್ತು ಬುಧವಾರ!"

"ಹೌದು. ನನಗೂ ಗೊತ್ತು."

"ಪ್ರೋಗ್ರಾಂ ಸರಿಯಾಗಿದೆ ಸರ್, ಟೆಸ್ಟೇ ತಪ್ಪು! ಬುಧ, ಶನಿ ಬಿಟ್ಟು ಬೇರೆ ದಿನ ಮೆಣಸಿನಕಾಯಿ ಬೇಡ ಅನ್ನಬೇಕು. ನಾನು ಟೆಸ್ಟ್ ಬರೆದಿದ್ದು ಭಾನುವಾರ. ಅದರಲ್ಲಿ ಯಾವ ದಿನ ಅಂತ ಹೇಳೇ ಇಲ್ಲ. ಅದು ಕಂಪ್ಯೂಟರ್ ಗಡಿಯಾರ ನೋಡಿ 'ಇವತ್ತು' ಅಂತ ತಗೊಳ್ಳುತ್ತೆ. ಭಾನುವಾರ, ಸೋಮವಾರ ಬೇಡ ಅಂತು, ಪಾಸಾಯ್ತು. ನಿನ್ನೆ ನಾವು ಓಡಿಸೇ ಇಲ್ಲ. ಇವತ್ತು ಮೆಣಸಿನಕಾಯಿ ದಿನ, ಅದಕ್ಕೇ ಟೋಕನ್ ಕೊಡ್ತು. ಕೊಡ್ಲೇಬೇಕು!" ಅವನು ಉಸಿರಿಗಾಗಿ ನಿಲ್ಲದೆ ಮುಂದುವರಿಸಿದ. "ಟೆಸ್ಟ್‌ಗೆ ಗಡಿಯಾರ ನೋಡಕ್ಕೆ ಬಿಡ್ಬಾರ್ದು ಸರ್. ದಿನ ನಾವೇ ಕೊಡ್ಬೇಕು. ಸೋಮವಾರ ಅಂತ ಕೊಟ್ಟು ಬೇಡ ಅನ್ನುತ್ತಾ ನೋಡ್ಬೇಕು. ಬುಧವಾರ ಅಂತ ಕೊಟ್ಟು ಟೋಕನ್ ಕೊಡುತ್ತಾ ಅಂತ ಇನ್ನೊಂದು ಟೆಸ್ಟ್ ಇರ್ಬೇಕಿತ್ತು. ಅದನ್ನ ಬರೆದಿಲ್ಲ. ತಪ್ಪು ನಂದೇ."

"ಮಾಡಿ ತೋರಿಸಿ."

ಅವನು ಮಾಡಿದ. ಒಂದು ಟೆಸ್ಟಿಗೆ ಸೋಮವಾರದ ತಾರೀಖು ಕಟ್ಟಿದ, ಬುಧವಾರಕ್ಕೆ ಒಂದು, ಶನಿವಾರಕ್ಕೆ ಒಂದು ಹೊಸದು ಬರೆದ. ಕಮಿಟ್ ಸಾಲು ಬರೆಯುವಾಗ ಬೆರಳು ಅಭ್ಯಾಸಬಲದಿಂದ 'ಈ ಹಾಳು' ಎಂದು ಒತ್ತಿತು. ಸುಮಿತ್ರಮ್ಮ ಕೆಮ್ಮಿದರು. ಅಳಿಸಿ, "ಟೆಸ್ಟಿಗೆ ದಿನ ಗೊತ್ತುಮಾಡಿದೆ. ಕಾರಣ: ಬುಧವಾರ ಫೇಲಾಗುತ್ತಿತ್ತು" ಎಂದಷ್ಟೇ ಬರೆದ. ಕೋಡು ಬದಲಾಗಿದ್ದರಿಂದ ಧನುಶ್ರೀ ಮತ್ತೆ ಓದಿದಳು. ಈ ಸಲ ನಿಜವಾಗಿ ಓದಿದಳು. ಒಪ್ಪಿಗೆ ಒತ್ತಿದಳು.

ಮೂವತ್ತಮೂರು ಹಸಿರು ಟಿಕ್ಕು. ಬಾಗಿಲ ಗಾಜಿನ ಆಚೆ ಯಾರೋ ಸಿಳ್ಳೆ ಹೊಡೆದರು. ಕ್ಷಮಾಪಣೆ ಮುಖ್ಯ ಶಾಖೆಗೆ ಸೇರಿ, ಇನ್ನು ಯಾರೂ ಅಳಿಸಲಾಗದ ಹಾಗೆ ಇತಿಹಾಸವಾಯಿತು.

"ಹೋದ ವರ್ಷ ನಿಮ್ಮ ಟೆಸ್ಟೆಲ್ಲ ತಲೇಲಿತ್ತು ಅಲ್ವಾ?" ಎಂದರು ಲಕ್ಷ್ಮೀನರಸಿಂಹ ಸರ್. ಮರೆತಿರಲಿಲ್ಲ, ಪುಣ್ಯಾತ್ಮ.

"ಹೌದು ಸರ್."

"ಈ ವರ್ಷ ಮೂಗಲ್ಲಿದೆ." ಅವರು ಬರೆದರು. ಈ ಸಲ ಯೋಗೇಂದ್ರ ಕತ್ತು ಉದ್ದ ಮಾಡಿ ನೋಡಿದ. ಪಾಸಿಗಿಂತ ಮೇಲೆಯೇ ಇತ್ತು, ಸಾಕಷ್ಟು ಮೇಲೆ. ಅವನಿಗೆ ಕುಣಿಯಬೇಕು ಅನ್ನಿಸಿತು, ಟೈ ಬಿಡಲಿಲ್ಲ. "ಆದರೆ ಸಹಿ ಬೇಕು" ಎಂದು ಅವರು ಪೆನ್ನನ್ನು ಸುಮಿತ್ರಮ್ಮನ ಕೈಗೆ ಕೊಟ್ಟರು.

ಸುಮಿತ್ರಮ್ಮ ಪೆನ್ನು ಹಿಡಿದು ಪರದೆಯನ್ನೊಮ್ಮೆ, ಯೋಗೇಂದ್ರನನ್ನೊಮ್ಮೆ ನೋಡಿದರು. "ಶನಿವಾರ ಬ್ಯಾಡ ಅಂತ ಹೇಳೋಣ ಅಂತಿದ್ದೆ ಕಣಪ್ಪ. ಶುಕ್ರವಾರ ಮಾಡಿದ್ರೆ..."

"ಅಮ್ಮಾ!"

"ಆಯ್ತು ಬುಡು, ಬುಡು. ಸಹಿ ಆದ್ಮೇಲೆ ಹೇಳ್ತೀನಿ."

ಅವರು ಸಹಿ ಹಾಕಿದರು. ಅದರ ಕೆಳಗೆ 'ಗ್ರಾಹಕರ ಅಭಿಪ್ರಾಯ' ಎಂದು ನಾಲ್ಕು ಗೆರೆ ಖಾಲಿ ಇತ್ತು. ಬೇರೆ ತಂಡಗಳ ಪತ್ರದಲ್ಲೆಲ್ಲ ಮೇಡಂ ಹೇಳಿಕೊಟ್ಟಂತೆ 'ಎಕ್ಸಲೆಂಟ್' ಎಂದಿತ್ತು. ಸುಮಿತ್ರಮ್ಮ ಮೂಗು ಒರೆಸಿಕೊಂಡು, ದುಂಡಗೆ, ಒತ್ತಿ ಒತ್ತಿ ಬರೆದು, ಎದ್ದು ಹದಿನೆಂಟು ಡಬ್ಬಗಳ ಕಡೆಗೆ ಹೊರಟೇಬಿಟ್ಟರು. ಮೇಡಂ ಪತ್ರ ಎತ್ತಿಕೊಂಡು ಓದಿ, ಇದನ್ನು ಫೈಲಿಗೆ ಹಾಕುವುದು ಹೇಗೆ ಎಂದು ಪರೀಕ್ಷಕರ ಮುಖ ನೋಡಿದರು.

ಅಲ್ಲಿ ಹೀಗಿತ್ತು: "ಹುಡುಗನ ಬಾಯಿ ಸರಿ ಇಲ್ಲ. ಡಬ್ಬದ ಸಾಲು ಮಾತ್ರ ಸರಿಯಾಗಿ ಹೋಗುತ್ತದೆ."